ಹಬ್ಬದ ಸೇಲ್ ಬ್ಯಾನರ್‌ಗೆ ಎಐ ಚಿತ್ರ ಮಾಡಿಸಲು ಮೂರು ಪ್ರಾಂಪ್ಟ್: ಜೀನ್ಸ್, ಕಿನ್ನಾಳ ಗೊಂಬೆ, ಕೂಲರ್

ದಸರಾ, ಬಳ್ಳಾರಿಯ ಜೀನ್ಸ್ ಅಂಗಡಿ. ಫ್ಲೆಕ್ಸ್, 10 ಅಡಿ ಅಗಲ, 4 ಅಡಿ ಎತ್ತರ

ಹಬ್ಬದ ಸೇಲ್‌ಗೆ ಅಡ್ಡ ಬ್ಯಾನರ್ ಚಿತ್ರ ಬೇಕು. ಅಳತೆ 5:2. ಸರಕೆಲ್ಲ ಬಲಗಡೆಯ ಮೂರನೇ ಒಂದು ಭಾಗದಲ್ಲೇ ಇರಲಿ. ಅಲ್ಲಿ ಹಳೇ ಮರದ ಮೇಜು, ಅದರ ಮೇಲೆ ಮಡಚಿಟ್ಟ ಆರು ಜೀನ್ಸ್ ಪ್ಯಾಂಟ್. ತಳದ್ದು ಕಡುನೀಲಿ, ಮೇಲೆ ಹೋದಂತೆ ಬಣ್ಣ ತಿಳಿಯಾಗಲಿ. ಪಕ್ಕದಲ್ಲಿ ಹ್ಯಾಂಗರ್‌ಗೆ ಹಾಕಿದ ಒಂದು ಪ್ಯಾಂಟ್: ಹಿತ್ತಾಳೆ ಗುಂಡಿ, ಜೇಬಿನ ಕಿತ್ತಳೆ ದಾರದ ಹೊಲಿಗೆ ಎರಡೂ ಎದ್ದು ಕಾಣಬೇಕು. ಸೊಂಟದ ಹಿಂದಿನ ಪಟ್ಟಿ ಖಾಲಿ ಇರಲಿ, ಅಕ್ಷರ ಬೇಡ. ಮೇಜಿನ ಮೇಲೆ ಒಂದು ಹಿಡಿ ಬನ್ನಿ ಎಲೆ. ಚೆಂಡು ಹೂವಿನ ಮಾಲೆ ಬಲ ಅಂಚಿನಲ್ಲಿ ಮಾತ್ರ ಇಳಿಬಿದ್ದಿರಲಿ.

ಎಡಗಡೆಯ ಉಳಿದ ಜಾಗ ಪೂರ್ತಿ ಖಾಲಿ, ಒಂದೇ ಅರಿಶಿನ ಬಣ್ಣ. ಡಿಸೈನ್, ಹೂವು, ಮಿಂಚು ಏನೂ ಬೇಡ. ನೆರಳೂ ಅಲ್ಲಿಗೆ ಚಾಚಬಾರದು. ಬೆಳಕು ಎಡಗಡೆಯಿಂದ ಬೀಳಲಿ. ಕೆಳಗೆ ವಿಳಾಸ, ಫೋನ್ ನಂಬರ್‌ಗೆ ಉದ್ದಕ್ಕೂ ಒಂದು ಖಾಲಿ ಪಟ್ಟಿ. ಚಿತ್ರದಲ್ಲಿ ಯಾವ ಭಾಷೆಯ ಅಕ್ಷರ, ಅಂಕಿ, ಲೋಗೋನೂ ಬೇಡ. ಜನರೂ ಬೇಡ.

(ಹಿಂದೆ ಕೋಟೆ ಗುಡ್ಡ ಹಾಕಿಸೋಣ ಅಂತ ಅಂಗಡಿಯವರು ಕೇಳಿಯೇ ಕೇಳುತ್ತಾರೆ. ಬೇಡ. ಬರೋದು ಯಾವುದೋ ಊರಿನ ಗುಡ್ಡ, ಬಳ್ಳಾರಿಯವರಿಗೆ ನೋಡಿದ ಕೂಡಲೇ ಗೊತ್ತಾಗುತ್ತೆ. "ಎರಡು ಪ್ಯಾಂಟ್‌ಗೆ ಒಂದು ಶರ್ಟ್ ಫ್ರೀ" ಅನ್ನೋದನ್ನ ಆಮೇಲೆ ನಾವೇ ಕಡುಗೆಂಪು ಅಕ್ಷರದಲ್ಲಿ ಕೂರಿಸೋದು. ಚಿತ್ರದ ಜೊತೆಗೇ ಕನ್ನಡ ಬರೆಸಿದರೆ ಒತ್ತಕ್ಷರ ಕೆಟ್ಟು ಬರೋದೇ ಜಾಸ್ತಿ.)

ದೀಪಾವಳಿ, ಕೊಪ್ಪಳದ ಗೊಂಬೆ ಅಂಗಡಿ. ವಾಟ್ಸ್‌ಆ್ಯಪ್‌ಗೆ ಚೌಕ ಚಿತ್ರ

ಜೊತೆಗೆ ಕೊಟ್ಟಿರುವ ಫೋಟೋದ ಕಿನ್ನಾಳ ಗೊಂಬೆಗಳನ್ನೇ ಬಳಸಿ. ಆಕಾರ, ಬಣ್ಣ, ಕಣ್ಣಿನ ಗೆರೆ ಏನೂ ಬದಲಾಗಬಾರದು. ಅಳತೆ 1:1. ಎಡಗಡೆ ಮೇಲಿಂದ ಕೆಳಗೆ ಮೂರು ಮರದ ಹಲಗೆ: ಮೇಲೆ ಗರುಡ, ನಡುವೆ ಆನೆ, ಕೆಳಗೆ ಹಣ್ಣು-ತರಕಾರಿ. ಪ್ರತಿ ಹಲಗೆಗೂ ಒಂದೊಂದು ಮಣ್ಣಿನ ಹಣತೆ, ಗೊಂಬೆಯ ಮೇಲೆ ಅದರ ಹೊಳಪು ಕಾಣಲಿ. ಬಲಗಡೆಯ ಅರ್ಧಕ್ಕಿಂತ ಜಾಸ್ತಿ ಜಾಗ ಕಡುನೀಲಿ, ಖಾಲಿ. ಪಟಾಕಿ, ಕಿಡಿ, ಹೊಗೆ ಬೇಡ. ಅಕ್ಷರ ಬೇಡ.

(ಫೋಟೋ ಕೊಡದೆ ಸುಮ್ನೆ "ಕಿನ್ನಾಳ ಗೊಂಬೆ" ಅಂತ ಬರೆದರೆ ಯಾವುದೋ ಪ್ಲಾಸ್ಟಿಕ್ ಆಟಿಕೆ ಬಂದು ಕೂತೀತು.)

ಯುಗಾದಿ, ರಾಯಚೂರಿನ ಕೂಲರ್ ಅಂಗಡಿ. ಟಿವಿ ಪರದೆಗೆ

ಅಳತೆ 16:9. ಎಡ ಅಂಚಿಗೆ ಹತ್ತಿಕೊಂಡು ಮೂರು ಬಿಳಿ ಏರ್ ಕೂಲರ್, ಹಿಂದೆ ದೊಡ್ಡದು, ಮುಂದೆ ಸಣ್ಣದು. ಮುಖ ಬಲಕ್ಕೆ, ಖಾಲಿ ಜಾಗದ ಕಡೆಗೇ ಗಾಳಿ ಬೀಸುವಂತೆ ಇರಲಿ. ಮೇಲೆ ಎಡ ಮೂಲೆಯಲ್ಲಿ ಮಾವಿನ ತೋರಣ, ಬೇವಿನ ಹೂವು. ಬಲಗಡೆಯ ಮೂರನೇ ಎರಡು ಭಾಗ ತಿಳಿಹಸಿರು, ಪೂರ್ತಿ ಖಾಲಿ. ಕಂಪನಿ ಹೆಸರು, ಸ್ಟಿಕ್ಕರ್, ಅಕ್ಷರ ಬೇಡ.

ತೋರಣ ಖಾಲಿ ಜಾಗಕ್ಕೆ ನುಗ್ಗಿದರೆ ಕಳಿಸಬೇಕಾದ ಎರಡನೇ ಪ್ರಾಂಪ್ಟ್:

ಕೂಲರ್ ಮೂರೂ ಇದ್ದಲ್ಲೇ ಇರಲಿ, ಬಣ್ಣವೂ ಹಾಗೇ ಇರಲಿ. ತೋರಣವನ್ನು ಮೊದಲ ಕೂಲರ್‌ನ ಅಗಲಕ್ಕೆ ಮೊಟಕು ಮಾಡಿ. ಬಲಗಡೆ ಉದುರಿದ ಎಲೆಗಳನ್ನೆಲ್ಲ ತೆಗೆಯಿರಿ.