ತಿಂಗಳಿಗೆ ಅರ್ಧ ದಿನದ ಸಂಬಳ

ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳ್ಬಿಡ್ತೀನಿ, ನಾನೇನು ಫೈನಾನ್ಸ್ ಎಕ್ಸ್‌ಪರ್ಟ್ ಅಲ್ಲ. ನಿಮ್ ಟ್ರಾವೆಲ್ ಬಿಲ್‌ಗಳನ್ನ ಪಾಸ್ ಮಾಡೋಳು, ಕೆಲವ್ರದ್ದು ವಾಪಸ್ ಕಳ್ಸೋಳು, ಅಷ್ಟೆ. ಎಚ್‌ಆರ್‌ನೋರು ಎಮರ್ಜೆನ್ಸಿ ಸೇವಿಂಗ್ಸ್ ಬಗ್ಗೆ ಹದಿನೈದು ನಿಮಿಷ ಮಾತಾಡಿ ಅಂದಾಗ ನನ್ನೇ ಯಾಕ್ ಕೇಳಿದ್ರು ಅಂದ್ಕೊಂಡೆ, ಆಮೇಲೆ ನೆನಪಾಯ್ತು, ಹೋದ ವರ್ಷ ಊಟದ್ ಟೇಬಲ್‌ನಲ್ಲಿ ನನ್ ಸಾಲದ ಕತೆ ಹೇಳ್ಕೊಂಡಿದ್ದೆ. ಅದನ್ನೇ ಹೇಳ್ತೀನಿ.

ಕೆಲ್ಸಕ್ಕೆ ಸೇರಿ ಮೂರನೇ ವರ್ಷ. ತಿಂಗಳ 26ನೇ ತಾರೀಖು, ರಾತ್ರಿ ಹನ್ನೊಂದು ಗಂಟೆ, ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು. ಆಸ್ಪತ್ರೆ ಕೌಂಟರ್‌ನಲ್ಲಿ ಅಡ್ವಾನ್ಸ್ ಕಟ್ಟಿ ಅಂದ್ರು. 26ನೇ ತಾರೀಖು ಅಕೌಂಟ್‌ನಲ್ಲಿ ಏನಿರುತ್ತೆ ಅಂತ ನಿಮಗ್ ನಾನ್ ಹೇಳ್ಬೇಕಾ? ಮೂರು ಜನಕ್ಕೆ ಫೋನ್ ಮಾಡ್ದೆ, ಒಬ್ರು ಎತ್ಲಿಲ್ಲ, ಒಬ್ರು ಕೊಟ್ರು, ಇನ್ನೊಬ್ರು ಕೊಟ್ರು ಆದ್ರೆ ಬೆಳಗಾಗೋದ್ರೊಳಗೆ ನೆಂಟರಿಷ್ಟರಿಗೆಲ್ಲಾ ಹೇಳಿದ್ರು, ಉಳಿದಿದ್ದನ್ನ ಕ್ರೆಡಿಟ್ ಕಾರ್ಡ್‌ನಲ್ಲಿ ಉಜ್ಜಿದೆ. ಇನ್ಶೂರೆನ್ಸ್ ಇರ್ಲಿಲ್ವಾ ಅಂತ ಕೇಳ್ಬಹುದು. ಇತ್ತು! ಆದ್ರೆ ರೀಇಂಬರ್ಸ್‌ಮೆಂಟ್, ಅಂದ್ರೆ ಮೊದ್ಲು ನಾವ್ ಕಟ್ಬೇಕು, ಆಮೇಲೆ ಬಿಲ್ಲು, ರಿಪೋರ್ಟು, ಸಹಿ, ಸೀಲು ಎಲ್ಲಾ ಕೊಟ್ಮೇಲೆ ಅವ್ರು ಕೊಡೋದು. ಆ ದುಡ್ಡು ಬರೋಕೆ ಎರಡೂವರೆ ತಿಂಗಳಾಯ್ತು, ಅದೂ ಪೂರ್ತಿ ಬರ್ಲಿಲ್ಲ, ಬಂದಿದ್ದು ಕೈಸಾಲ ತೀರಿಸೋಕೇ ಆಯ್ತು. ಕಾರ್ಡ್‌ದು ಹಾಗೇ ಉಳೀತು.

ಈ ಕಾರ್ಡ್ ಲೆಕ್ಕ ಸ್ವಲ್ಪ ಕೇಳಿ. ತಿಂಗಳಿಗೆ ಮೂರು ಪರ್ಸೆಂಟ್ ಅಂದ್ರೆ ನಾನು ವರ್ಷಕ್ಕೆ 36 ಅಂದ್ಕೊಂಡಿದ್ದೆ. ಬಡ್ಡಿ ಮೇಲೆ ಬಡ್ಡಿ ಸೇರಿದ್ರೆ ಅದು 42 ದಾಟುತ್ತೆ. ಬಿಲ್‌ನಲ್ಲಿ ಮಿನಿಮಮ್ ಡ್ಯೂ ಅಂತ ಒಂದು ಸಣ್ಣ ನಂಬರ್ ತೋರಿಸ್ತಾರಲ್ಲ, ಅಷ್ಟೇ ಕಟ್ತಾ ಹೋದ್ರೆ ಹೆಚ್ಚಿನ ಭಾಗ ಬಡ್ಡಿಗೇ ಹೋಗಿ ಅಸಲು ಜಾಸ್ತಿ ಕದಲೋದೇ ಇಲ್ಲ. ಅಮ್ಮ ಆರು ತಿಂಗಳಿಗೆ ಓಡಾಡೋ ಹಾಗಾದ್ರು, ನಾನ್ ಆ ಸಾಲದಿಂದ ಎದ್ದಿದ್ದು ಹತ್ತೊಂಬತ್ತನೇ ತಿಂಗಳಿಗೆ.

ಅವತ್ತು ಬೇಕಾಗಿದ್ದ ಅಡ್ವಾನ್ಸ್ ಎಷ್ಟು ಗೊತ್ತಾ? ಸುಮಾರು ನನ್ನ ಹನ್ನೆರಡು ದಿನದ ಸಂಬಳ. ಅಷ್ಟೆ. ಅಷ್ಟು ಕೈಲಿದ್ದಿದ್ರೆ ಆ ರಾತ್ರಿ ಯಾರಿಗೂ ಫೋನ್ ಮಾಡ್ತಿರ್ಲಿಲ್ಲ.

ಎಲ್ಲಾ ಕಡೆ ಮೂರರಿಂದ ಆರು ತಿಂಗಳ ಖರ್ಚು ಕೂಡಿಡಿ ಅಂತ ಹೇಳ್ತಾರೆ. ಸರಿಯಾದ ಮಾತೇ, ಕೆಲ್ಸ ಹೋದ್ರೆ ಅಷ್ಟು ಬೇಕೇ ಬೇಕು. ಆದ್ರೆ ತಿಂಗಳ ಕೊನೆ ವಾರ ತಳ್ಳೋದೇ ಕಷ್ಟ ಅನ್ನೋವ್ರಿಗೆ ಆರು ತಿಂಗಳು ಅಂದ ತಕ್ಷಣ ಇದು ನಮ್ ಕೈಲಾಗೋದಲ್ಲ ಅಂತ ಅನ್ಸಿ ಅಲ್ಲಿಗೇ ಬಿಟ್ಬಿಡ್ತಾರೆ. ನಾನೂ ಹಾಗೇ ಮಾಡಿದ್ದು, ಮೂರು ಸಲ. ಜೋಶ್‌ನಲ್ಲಿ ಸಂಬಳದ ಕಾಲು ಭಾಗ ಎತ್ತಿಡ್ತಿದ್ದೆ, 20ನೇ ತಾರೀಖಿಗೆ ವಾಪಸ್ ತೆಗೀತಿದ್ದೆ, ಮುಂದಿನ ತಿಂಗಳು ಮುಖ ಇಲ್ಲದೆ ಸುಮ್ನಾಗ್ತಿದ್ದೆ.

ನಾಲ್ಕನೇ ಸಲ ನಿಂತಿದ್ದು ಅರ್ಧ ದಿನದ ಸಂಬಳದಿಂದ. ತಿಂಗಳ ಸಂಬಳನ ಮೂವತ್ತರಿಂದ ಭಾಗಿಸಿ, ಬಂದಿದ್ದನ್ನ ಅರ್ಧ ಮಾಡಿ. (ಅಲ್ಲಿ ಹಿಂದೆ ನಗ್ತಿರೋರು ಈಗ್ಲೇ ಕ್ಯಾಲ್ಕುಲೇಟರ್ ತೆಗೀರಿ, ಪರವಾಗಿಲ್ಲ.) ಅಷ್ಟು ಹೋದ್ರೆ ಗೊತ್ತಾಗಲ್ಲ, ನಿಜವಾಗ್ಲೂ ಗೊತ್ತಾಗಲ್ಲ. ಒಂದು ವರ್ಷಕ್ಕೆ ಆರು ದಿನದ ಸಂಬಳ ಆಗುತ್ತೆ, ತಿಂಗಳಿಗೆ ಒಂದಿಡೀ ದಿನದ್ದು ಹಾಕಿದ್ರೆ ಹನ್ನೆರಡು ದಿನದ್ದು, ಅಂದ್ರೆ ಅವತ್ತು ಆಸ್ಪತ್ರೆಲಿ ನನಗೆ ಬೇಕಾಗಿದ್ದಷ್ಟು. ನಾನು ಇಂಕ್ರಿಮೆಂಟ್ ಬಂದಾಗ ಹೆಚ್ಚಿಗೆ ಬಂದಿದ್ರಲ್ಲಿ ಅರ್ಧ ಇದಕ್ಕೇ ತಿರುಗಿಸಿದೆ, ಹೆಚ್ಚಿಗೆ ಬಂದ ದುಡ್ಡಿಗೆ ಕೈ ಇನ್ನೂ ಅಭ್ಯಾಸ ಆಗಿರಲ್ಲ ನೋಡಿ, ಅದಕ್ಕೇ ನೋವಾಗ್ಲಿಲ್ಲ.

ಎಲ್ಲಿಡೋದು ಅನ್ನೋದು ಎಷ್ಟಿಡೋದು ಅನ್ನೋದಕ್ಕಿಂತ ಮುಖ್ಯ ಅಂತ ನನ್ ಅನಿಸಿಕೆ. ಸಂಬಳದ ಅಕೌಂಟ್‌ನಲ್ಲೇ ಬಿಟ್ರೆ ಅದು ಉಳಿಯಲ್ಲ, ಕಣ್ಣಿಗೆ ಕಾಣೋ ದುಡ್ಡು ಖರ್ಚಾಗೋ ದುಡ್ಡು. ಬೇರೆ ಬ್ಯಾಂಕ್‌ನಲ್ಲಿ ಒಂದು ಸೇವಿಂಗ್ಸ್ ಅಕೌಂಟ್, ಅದರ ಆ್ಯಪ್ ದಿನಾ ತೆಗೆಯೋ ಫೋನ್ ಸ್ಕ್ರೀನ್ ಮೇಲೆ ಬೇಡ, ಕಾರ್ಡು ಪರ್ಸ್‌ನಲ್ಲಿ ಬೇಡ, ಮನೇಲಿ ಬೀರುವಲ್ಲಿರ್ಲಿ. ಸಂಬಳ ಬಂದ ಮಾರನೇ ದಿನಕ್ಕೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕ್ಬಿಡಿ, ತಾನಾಗೇ ಹೋಗುತ್ತೆ, ನಾವು ಮನಸ್ಸು ಮಾಡೋ ಮಾತೇ ಇಲ್ಲ. ಮಿನಿಮಮ್ ಬ್ಯಾಲೆನ್ಸ್ ಎಷ್ಟು ಅಂತ ಮಾತ್ರ ಮೊದ್ಲೇ ಕೇಳ್ಕೊಳ್ಳಿ, ಇಲ್ಲಾಂದ್ರೆ ಕೂಡಿಟ್ಟಿದ್ದು ದಂಡಕ್ಕೆ ಹೋಗುತ್ತೆ. ಒಂದು ತಿಂಗಳ ಸಂಬಳದಷ್ಟು ದಾಟಿದ್ಮೇಲೆ ಒಂದಷ್ಟನ್ನ ಎಫ್‌ಡಿ ಮಾಡಬಹುದು, ಆದ್ರೆ ಒಂದೇ ದೊಡ್ಡದು ಬೇಡ, ಚಿಕ್ ಚಿಕ್ಕದು ಮಾಡಿ, ಅರ್ಜೆಂಟ್ ಬಂದ್ರೆ ಒಂದನ್ನ ಮುರಿದ್ರೆ ಸಾಕು, ಬಡ್ಡಿ ಸ್ವಲ್ಪ ಕಡ್ಮೆ ಸಿಗುತ್ತೆ ಅಷ್ಟೆ.

ಷೇರ್‌ಗೆ ಹಾಕ್ಲಾ ಅಂತ ಹುಡುಗ್ರು ಕೇಳ್ತಾರೆ. ಷೇರ್ ಕೆಟ್ಟದ್ದು ಅಂತ ನಾನ್ ಹೇಳ್ತಿಲ್ಲ, ಈ ದುಡ್ಡಿಗೆ ಆಗಲ್ಲ. 2008ರಲ್ಲಿ, 2020ರಲ್ಲಿ ಏನಾಯ್ತು ನೋಡಿ, ಜನ ಕೆಲ್ಸ ಕಳ್ಕೊಂಡ ಹೊತ್ತಲ್ಲೇ ಮಾರ್ಕೆಟ್ಟೂ ಬಿದ್ದಿತ್ತು. ದುಡ್ಡು ಬೇಕಾಗೋ ದಿನವೇ ಅದು ಸೊರಗಿದ್ರೆ ಏನ್ ಪ್ರಯೋಜನ?

ಇನ್ನೊಂದು, ಯಾವುದು ಎಮರ್ಜೆನ್ಸಿ. ಫೋನ್ ಸ್ಕ್ರೀನ್ ಒಡೆದ್ರೆ? ಕೆಲ್ಸ ಅದ್ರಲ್ಲೇ ಆಗ್ಬೇಕು ಅಂದ್ರೆ ಹೌದು, ಹೊಸ ಮಾಡೆಲ್ ಬಂದಿದೆ ಅಂದ್ರೆ ಅಲ್ಲ, ಇದು ಎಲ್ರಿಗೂ ಗೊತ್ತು. ನಾವು ಎಡವೋದು ಬೇರೆ ಕಡೆ. ಮಕ್ಕಳ ಸ್ಕೂಲ್ ಫೀಸು, ಇನ್ಶೂರೆನ್ಸ್ ಪ್ರೀಮಿಯಂ, ಗಾಡಿ ಸರ್ವೀಸು, ಇವೆಲ್ಲಾ ಪ್ರತಿ ವರ್ಷ ಅದೇ ತಿಂಗಳಲ್ಲಿ ಬರುತ್ತೆ, ಆದ್ರೂ ಪ್ರತಿ ವರ್ಷ ಅಯ್ಯೋ ಅಂತೀವಿ. ತಾರೀಖು ಗೊತ್ತಿರೋದು ಎಮರ್ಜೆನ್ಸಿ ಹೇಗಾಗುತ್ತೆ? ಅದನ್ನ ಹನ್ನೆರಡು ಭಾಗ ಮಾಡಿ ಬೇರೇನೇ ಇಡಿ, ಇದ್ರ ಜೊತೆ ಕಲಸ್ಬೇಡಿ.

ಕಾರ್ಡ್ ಸಾಲ ಇರೋರು ಮೊದ್ಲು ಸಾಲ ತೀರ್ಸೋದಾ, ಕೂಡಿಡೋದಾ ಅಂತ ನನ್ನತ್ರ ಬಂದು ಕೇಳಿದಾರೆ. ಬಡ್ಡಿ ಲೆಕ್ಕದಲ್ಲಿ ಸಾಲ ತೀರ್ಸೋದೇ ಲಾಭ. ಆದ್ರೂ ಒಂದು ವಾರದ ಸಂಬಳದಷ್ಟಾದ್ರೂ ಮೊದ್ಲು ಪಕ್ಕಕ್ಕಿಟ್ಟು ಆಮೇಲೆ ಸಾಲದ ಮೇಲೆ ಬೀಳಿ, ಇಲ್ಲಾಂದ್ರೆ ಮುಂದಿನ ರಿಪೇರಿಗೆ ಮತ್ತೆ ಅದೇ ಕಾರ್ಡ್ ತೆಗೀತೀರಿ.

ಆಮೇಲೆ, ನೀವೇ ಐಸಿಯುನಲ್ಲಿ ಮಲಗಿದ್ರೆ ಪಿನ್ ಹೇಳೋರ್ಯಾರು? ಅದಕ್ಕೇ ನನ್ ಅಕೌಂಟು ಜಾಯಿಂಟ್, ನಮ್ಮನೆಯವ್ರೂ ನಾನೂ ಯಾರ್ ಬೇಕಾದ್ರೂ ತೆಗೀಬಹುದು. ನಾಮಿನಿ ಹಾಕಿದೀನಲ್ಲ ಅಂತ ಸುಮ್ನಿರ್ಬೇಡಿ, ನಾಮಿನಿಗೆ ದುಡ್ಡು ಸಿಗೋದು ನಾವ್ ಹೋದ್ಮೇಲೆ.

ಹೋದ ಮಳೆಗಾಲ ಗಾಡಿ ಎಂಜಿನ್ ಹೋಯ್ತು, ಒಂಬತ್ತು ದಿನದ ಸಂಬಳದಷ್ಟು ಬಿಲ್ಲು. ಬೀರುವಿಂದ ಕಾರ್ಡ್ ತೆಗ್ದು ಕಟ್ಟಿದೆ. ಕೂಡಿಟ್ಟಿದ್ದು ಖಾಲಿ ಆಯ್ತಲ್ಲ ಅಂತ ಹೊಟ್ಟೆ ಉರೀತು, ಸುಳ್ಳು ಹೇಳಲ್ಲ. ಆದ್ರೆ ಮನೆಗೆ ಬಂದು ಊಟ ಮಾಡಿ ಮಲಗಿದೆ, ಯಾರಿಗೂ ಫೋನ್ ಮಾಡ್ಲಿಲ್ಲ. ಆಮೇಲೆ ಒಂಬತ್ತು ತಿಂಗಳು, ತಿಂಗಳಿಗೆ ಒಂದು ದಿನದ ಸಂಬಳದ ಹಾಗೆ ತುಂಬ್ತಾ ಬಂದೆ, ಹೋದ ತಿಂಗಳಿಗೆ ಭರ್ತಿ ಆಯ್ತು.

ಸರಿ, ಇನ್ನು ಹತ್ತು ನಿಮಿಷ ಇದೆ. ನಾಳೆ ಮಾಡ್ತೀನಿ ಅನ್ನೋರು ಈಗ್ಲೇ ಫೋನ್ ತೆಗೀರಿ, ಮೂವತ್ತರಿಂದ ಭಾಗಿಸಿ ಅರ್ಧ ಮಾಡಿ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಆ್ಯಪ್‌ನಲ್ಲಿ ಎಲ್ಲಿದೆ ಅಂತ ಸಿಗ್ಲಿಲ್ಲ ಅಂದ್ರೆ ಇಲ್ಲಿ ಮುಂದೆ ಬನ್ನಿ, ತೋರಿಸ್ತೀನಿ, ನಿಮ್ ಬ್ಯಾಲೆನ್ಸ್ ನೋಡಲ್ಲ.