ಗುರುವಾರದ ಪಿತ್ತಕೋಶದ ಆಪರೇಷನ್‌ಗೆ ಬರುವ ಮುಂಚೆ

ನಮಸ್ಕಾರ ಅಮ್ಮ,

ನಿಮ್ಮ ಪಿತ್ತಕೋಶದ ಕಲ್ಲಿನ ಲ್ಯಾಪ್ರೊಸ್ಕೋಪಿ ಆಪರೇಷನ್ ಮಾರ್ಚ್ 12, ಗುರುವಾರ ಬೆಳಿಗ್ಗೆ 9 ಗಂಟೆಗೆ. ಪೂರ್ತಿ ಅನಸ್ತೇಶಿಯಾ ಕೊಡುತ್ತೇವೆ. ನಿಮಗೆ ಶುಗರ್, ಬಿಪಿ, ಥೈರಾಯ್ಡ್ ಮೂರೂ ಇರುವುದರಿಂದ ಸರ್ಜನ್ ಮತ್ತು ಅನಸ್ತೇಶಿಯಾ ಡಾಕ್ಟರ್ ನಿಮ್ಮ ಮಾತ್ರೆಗಳನ್ನು ನೋಡಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಇದು ನಿಮಗೊಬ್ಬರಿಗೇ. ಆಪರೇಷನ್‌ಗೆ ಹೋಗುವ ಬೇರೆ ಯಾರಿಗೂ ಈ ಚೀಟಿ ಕೊಡಬೇಡಿ. ಮನೆಯಲ್ಲಿ ಮಾತ್ರೆ ತೆಗೆದುಕೊಡುವವರಿಗೆ ಮಾತ್ರ ಓದಿ ಹೇಳಿ.

ಇವತ್ತಿನಿಂದ ಮುಂದಿನ ಬುಧವಾರ, ಮಾರ್ಚ್ 11ರವರೆಗೆ

ಇಕೋಸ್ಪ್ರಿನ್ 75 ಇವತ್ತು ರಾತ್ರಿ, ಅಂದರೆ ಮಾರ್ಚ್ 4ಕ್ಕೆ, ಕೊನೆ. ನಾಳೆಯಿಂದ ಬೇಡ. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ನಿಮಗೆ ಹೃದಯದ ತೊಂದರೆ ಇಲ್ಲ, ಸ್ಟೆಂಟ್ ಹಾಕಿಲ್ಲ, ಅದಕ್ಕೇ ನಿಲ್ಲಿಸಲು ಹೇಳಿದ್ದಾರೆ.

ಡಾಪಾಗ್ಲಿಫ್ಲೋಜಿನ್ ಭಾನುವಾರ, ಮಾರ್ಚ್ 8ರ ಬೆಳಿಗ್ಗೆ ಕೊನೆ. ಸೋಮವಾರದಿಂದ ನಿಲ್ಲಿಸಿ. ಇದನ್ನು ಮರೆಯಲೇಬೇಡಿ. ಈ ಮಾತ್ರೆ ತೆಗೆದುಕೊಂಡು ಉಪವಾಸ ಇದ್ದರೆ, ಶುಗರ್ ಸರಿಯಾಗಿದ್ದರೂ ರಕ್ತದಲ್ಲಿ ಆಮ್ಲ ಏರಬಹುದು. ಮೆಷಿನ್‌ನಲ್ಲಿ 130 ತೋರಿಸುತ್ತದೆ, ಒಳಗೆ ತೊಂದರೆ ಬೆಳೆಯುತ್ತಿರುತ್ತದೆ.

ಮೆಟ್‌ಫಾರ್ಮಿನ್ ಬುಧವಾರ ರಾತ್ರಿ ಊಟದವರೆಗೂ ನಡೆಯಲಿ. ಬಿಪಿಯ ಟೆಲ್ಮಿಸಾರ್ಟನ್ ಬುಧವಾರ ಬೆಳಿಗ್ಗೆಗೆ ಕೊನೆ.

ಅಶ್ವಗಂಧ, ಬೆಳ್ಳುಳ್ಳಿ ಕ್ಯಾಪ್ಸೂಲ್, ಕಷಾಯದ ಪುಡಿ, ನಾಟಿ ಔಷಧಿ ಏನೇ ಇದ್ದರೂ ಇವತ್ತೇ ನಿಲ್ಲಿಸಿ. ಏನು ತೆಗೆದುಕೊಳ್ಳುತ್ತಿದ್ದಿರಿ ಅಂತ ನಮಗೂ ಹೇಳಿ, ಯಾರೂ ಬೈಯುವುದಿಲ್ಲ. ಮೈಕೈ ನೋವು ಬಂದರೆ ಅಂಗಡಿಯ ನೋವಿನ ಮಾತ್ರೆ ಬೇಡ, ಪ್ಯಾರಾಸಿಟಮಾಲ್ ಸಾಕು.

ಬುಧವಾರ ರಾತ್ರಿ

8:30ರ ಒಳಗೆ ಹಗುರವಾಗಿ ಊಟ ಮಾಡಿ. ಅನ್ನ ಸಾರು, ಇಡ್ಲಿ ಆಗಬಹುದು. ಕರಿದಿದ್ದು, ಮಾಂಸ ಬೇಡ. ರಾತ್ರಿ 12ರ ನಂತರ ಏನೂ ತಿನ್ನಬಾರದು. ಹಾಲು, ಕಾಫಿ, ಟೀ, ಮಜ್ಜಿಗೆ, ಗಂಜಿ, ರಾಗಿ ಅಂಬಲಿ ಎಲ್ಲವೂ ಊಟದ ಲೆಕ್ಕಕ್ಕೇ ಬರುತ್ತವೆ. ಎಲೆ ಅಡಿಕೆಯೂ ಬೇಡ.

ಗುರುವಾರ ಬೆಳಿಗ್ಗೆ ಮನೆಯಲ್ಲಿ

5:30ಕ್ಕೆ ಥೈರಾಯ್ಡ್ ಮಾತ್ರೆ ಮತ್ತು ಬಿಪಿಯ ಅಮ್ಲೊಡಿಪಿನ್, ಇವೆರಡನ್ನೇ ಎರಡು ಗುಟುಕು ನೀರಲ್ಲಿ ನುಂಗಿ. ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಅವತ್ತು ಬೇಡ. ಬಾಯಿ ಒಣಗಿದರೆ 6:30ರವರೆಗೆ ಬರೀ ನೀರು ಸ್ವಲ್ಪ ಸ್ವಲ್ಪ ಕುಡಿಯಬಹುದು. ಆಮೇಲೆ ಅದೂ ಇಲ್ಲ.

ರಾಯರ ವಾರ ಅಲ್ವಾ, ದೇವರಿಗೆ ಕೈಮುಗಿದು ಬನ್ನಿ. ಆದರೆ ಪಂಚಾಮೃತ, ಪ್ರಸಾದ ಬಾಯಿಗೆ ಹಾಕಿಕೊಳ್ಳಬೇಡಿ. ಮನೆಯವರು ತೆಗೆದಿಡಲಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಅನಸ್ತೇಶಿಯಾ ಕೊಟ್ಟಾಗ ಗಂಟಲಿನ ಕಾವಲು ಸಡಿಲವಾಗುತ್ತದೆ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಹೋದ ತಿಂಗಳು ಒಬ್ಬ ಅಜ್ಜಿ ಅಭ್ಯಾಸಬಲದಿಂದ ಬೆಳಿಗ್ಗೆ 6ಕ್ಕೆ ಅರ್ಧ ಲೋಟ ಕಾಫಿ ಕುಡಿದುಬಿಟ್ಟಿದ್ದರು. ಬಂದ ತಕ್ಷಣ ಬಾಯಿಬಿಟ್ಟು ಹೇಳಿದರು. ಅವರ ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು, ಅಷ್ಟೇ. ನಿಮಗೂ ಹಾಗೇ ಆದರೆ ಮುಚ್ಚಿಡದೆ ಹೇಳಿ.

ಬೆವರು, ನಡುಕ, ತಲೆ ಸುತ್ತು ಬಂದರೆ ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಅರ್ಧ ಲೋಟ ನೀರಿಗೆ 3 ಟೀ ಚಮಚ ಸಕ್ಕರೆ ಹಾಕಿ ಕುಡಿಯಿರಿ. ಗಂಟೆ ಎಷ್ಟಾಗಿದ್ದರೂ ಸರಿ, ಉಪವಾಸ ಕೆಡುತ್ತದೆ ಅಂತ ಕೂರಬೇಡಿ. ಕುಡಿದು ನಮಗೆ ಫೋನ್ ಮಾಡಿ.

ಸ್ನಾನ ಮಾಡಿ ಬನ್ನಿ. ಹೊಟ್ಟೆಯ ಮೇಲೆ ಕ್ರೀಮ್, ಪೌಡರ್ ಬೇಡ. ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ. ನೇಲ್ ಪಾಲಿಶ್ ಅಳಿಸಿ, ಬೆರಳಿಗೆ ಹಾಕುವ ಕ್ಲಿಪ್ ಅದರ ಮೇಲೆ ಸರಿಯಾಗಿ ಓದುವುದಿಲ್ಲ. ಬಳೆ, ಮೂಗುತಿ, ಕಾಲುಂಗುರ ಬಿಚ್ಚಿ ಮನೆಯಲ್ಲೇ ಇಡಿ. ತಾಳಿ ತೆಗೆಯಲು ಮನಸ್ಸು ಒಪ್ಪುವುದಿಲ್ಲ ಅಂತ ಗೊತ್ತು. ಸರ ಬಿಚ್ಚಿಟ್ಟು, ಬರೀ ಅರಿಶಿನದ ದಾರ ಕಟ್ಟಿಕೊಂಡು ಬನ್ನಿ.

ಆಸ್ಪತ್ರೆಗೆ

7 ಗಂಟೆಗೆ ಮೊದಲ ಮಹಡಿಯ ಸರ್ಜರಿ ವಾರ್ಡ್‌ನಲ್ಲಿ ಇರಬೇಕು. ಶುಗರ್, ಬಿಪಿ ನೋಡಬೇಕು, ಒಪ್ಪಿಗೆ ಪತ್ರಕ್ಕೆ ಸಹಿ ಆಗಬೇಕು, ಡ್ರಿಪ್ ಸೂಜಿ ಹಾಕಬೇಕು. ತಡವಾದರೆ ಇದೆಲ್ಲ ಗಡಿಬಿಡಿಯಾಗುತ್ತದೆ. ಸ್ಕ್ಯಾನ್, ಇಸಿಜಿ, ರಕ್ತದ ರಿಪೋರ್ಟ್, ಆಧಾರ್, ಇನ್ಶೂರೆನ್ಸ್ ಕಾರ್ಡ್ ಮತ್ತು ಎಲ್ಲ ಮಾತ್ರೆಗಳ ಸ್ಟ್ರಿಪ್ ತನ್ನಿ. ಕಟ್ಟಿಸಿದ ಹಲ್ಲು ಇದ್ದರೆ ಡಬ್ಬಿ ತನ್ನಿ. ರಾತ್ರಿ ಜೊತೆಗಿರಲು ಮನೆಯ ದೊಡ್ಡವರೊಬ್ಬರು ಬೇಕು.

ಅದಕ್ಕೂ ಮುಂಚೆ ಜ್ವರ, ಕೆಮ್ಮು, ಜೋರು ಹೊಟ್ಟೆನೋವು ಬಂದರೆ, ಕಣ್ಣು ಹಳದಿಯಾದರೆ ಗುರುವಾರಕ್ಕೆ ಕಾಯಬೇಡಿ, ಕೂಡಲೇ ಬನ್ನಿ. ಯಾವ ಮಾತ್ರೆ ಅಂತ ಅನುಮಾನ ಬಂದರೂ ನಿಮ್ಮ ಫೈಲಿನ ಮೇಲಿರುವ ನಂಬರಿಗೆ ಫೋನ್ ಮಾಡಿ. ರಾತ್ರಿಯೂ ವಾರ್ಡ್‌ನಲ್ಲಿ ಒಬ್ಬರು ಸಿಸ್ಟರ್ ಇರುತ್ತಾರೆ.

ಸರ್ಜರಿ ವಾರ್ಡ್ ಸಿಸ್ಟರ್