ಭೇಟಿಯ ಟಿಪ್ಪಣಿ: ಜಯಮ್ಮ, ತವರಿನ ಜಮೀನಿನ ಭಾಗದ ವಿಚಾರ

ದಿನಾಂಕ: 14-06-2025, ಶನಿವಾರ. ತುಮಕೂರು ಕಚೇರಿ. ಬೆಳಿಗ್ಗೆ 11:20ರಿಂದ 12:50.
ಹಾಜರಿದ್ದವರು: ಕಕ್ಷಿದಾರರಾದ ಜಯಮ್ಮ (54, ಹೊಲಿಗೆ ಕೆಲಸ), ನಾನು. ಮಗಳು ಪವಿತ್ರ ಮೊದಲ ಹತ್ತು ನಿಮಿಷ ಮತ್ತು ಕೊನೆಯ ಹದಿನೈದು ನಿಮಿಷ ಮಾತ್ರ.

ಪವಿತ್ರ ಒಳ್ಳೆಯ ಹುಡುಗಿ, ತಾಯಿಯ ಬಗ್ಗೆ ಕಾಳಜಿ ಇದೆ. ಆದರೆ ನಾನು ಕೇಳಿದ್ದಕ್ಕೆಲ್ಲ ಅವರೇ ಉತ್ತರ ಕೊಡುತ್ತಿದ್ದರು. "ದುಡ್ಡು ಇಸ್ಕೊಂಡು ಮುಗಿಸಿಬಿಡಿ ಸಾರ್" ಅಂದರು. ಜಯಮ್ಮನವರು ತಲೆ ತಗ್ಗಿಸಿ ಕೂತಿದ್ದರು. ಕಕ್ಷಿದಾರರು ತಾಯಿ, ಮಾತು ಅವರಿಂದಲೇ ಬರಬೇಕು ಎಂದು ಹೇಳಿ ಮಗಳನ್ನು ಹೊರಗೆ ಕೂರಿಸಿದೆ. ಆಮೇಲೆ ಬಂದದ್ದು ಬೇರೆಯೇ ಮಾತು. ಆದ್ದರಿಂದ ಈ ಸಂಗತಿ ಬರೆದಿಟ್ಟಿದ್ದೇನೆ.

ಅವರು ಹೇಳಿದ್ದು

ತುರುವೇಕೆರೆ ತಾಲೂಕು, ಮಾಯಸಂದ್ರ ಹೋಬಳಿಯಲ್ಲಿ ತವರು. ತಾತನ ಮಕ್ಕಳ ನಡುವೆ 1978ರಲ್ಲಿ ರಿಜಿಸ್ಟರ್ ವಿಭಾಗ ಆಗಿ ತಂದೆಗೆ 3 ಎಕರೆ 10 ಗುಂಟೆ ತೆಂಗಿನ ತೋಟ ಬಂತು. 1992ರಲ್ಲಿ ತಂದೆ ಸ್ವಂತ ದುಡಿಮೆಯಿಂದ ಪಕ್ಕದ 1 ಎಕರೆ ಕೊಂಡರು. ಜಯಮ್ಮನವರ ಮದುವೆ 1990. ತಂದೆ ತೀರಿಕೊಂಡಿದ್ದು 2003, ತಾಯಿ 2019. ಇಬ್ಬರೂ ವಿಲ್ ಬರೆದಂತೆ ಗೊತ್ತಿಲ್ಲ. ಉಳಿದಿರುವುದು ಇವರು ಮತ್ತು ತಮ್ಮ ರಂಗಸ್ವಾಮಿ. 2004ರಲ್ಲಿ ಪೌತಿ ಖಾತೆ ತಮ್ಮನ ಒಬ್ಬನ ಹೆಸರಿಗೆ ಆಗಿದೆ. ಸರ್ವೆ ನಂಬರ್‌ಗಳು ಅವರು ತಂದ ಪಹಣಿ ನಕಲಿನಲ್ಲಿವೆ.

ಕಳೆದ ವರ್ಷದವರೆಗೂ ತಮ್ಮ ಪ್ರತಿ ವರ್ಷ ಇನ್ನೂರು ತೆಂಗಿನಕಾಯಿ, ಒಂದು ಮೂಟೆ ರಾಗಿ ಕಳಿಸುತ್ತಿದ್ದ. ಗೌರಿ ಹಬ್ಬಕ್ಕೆ ಬಾಗಿನವೂ ಬರುತ್ತಿತ್ತು. ಈ ಯುಗಾದಿಗೆ ಕಾಯಿ ಬರಲಿಲ್ಲ. ಕೇಳಿದ್ದಕ್ಕೆ "ನಿನಗೇನು ಹಕ್ಕಿದೆ?" ಅಂದನಂತೆ. ತೋಟ ಮಾರಾಟಕ್ಕಿದೆ, 5 ಲಕ್ಷ ಮುಂಗಡ ತೆಗೆದುಕೊಂಡಿದ್ದಾನೆ ಎಂದು ಪಕ್ಕದ ಮನೆಯವರಿಂದ ತಿಳಿಯಿತು. ಜೂನ್ 8ರಂದು ತಮ್ಮನೇ ಫೋನ್ ಮಾಡಿ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಹಾಕು, 2 ಲಕ್ಷ ಕೊಡುತ್ತೇನೆ ಎಂದಿದ್ದಾನೆ. ಇವರು ಹೋಗಿಲ್ಲ.

ಎದ್ದು ಹೊರಡುವ ಹೊತ್ತಿಗೆ, ನಾನು ಮೂರನೇ ಸಲ "ಎಲ್ಲಾದರೂ ಸಹಿ ಹಾಕಿದ್ದೀರಾ?" ಎಂದು ಕೇಳಿದಾಗ, 2016ರ ಕಾಗದದ ವಿಷಯ ಹೇಳಿದರು. ಮಗಳ ಮದುವೆಗೆ ತಮ್ಮ 50,000 ರೂಪಾಯಿ ನಗದು ಕೊಟ್ಟ. ಒಂದು ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಂಡ. ಸಾಲದ ಪತ್ರ ಅಂದುಕೊಂಡಿದ್ದರು, ಓದಿ ನೋಡಲಿಲ್ಲ. ಈಗ ತಮ್ಮ ಅದನ್ನೇ ಹಕ್ಕು ಬಿಡುಗಡೆ ಪತ್ರ ಅನ್ನುತ್ತಿದ್ದಾನೆ. ಯಾವ ಕಚೇರಿಗೂ ಹೋಗಿರಲಿಲ್ಲ, ಮನೆಯಲ್ಲೇ ಸಹಿ ಎಂದು ಖಚಿತವಾಗಿ ಹೇಳುತ್ತಾರೆ. ಕಾಗದವನ್ನು ನಾನು ನೋಡಿಲ್ಲ.

ಅವರ ಸೂಚನೆ

ದುಡ್ಡು ಬೇಡ. ಅಪ್ಪ ನೆಟ್ಟ ತೋಟದಲ್ಲಿ ತನ್ನ ಭಾಗ ಜಮೀನಾಗಿಯೇ ಬೇಕು. ಪೊಲೀಸ್ ದೂರು ಕೊಡಬಾರದು. ಪೇಪರ್‌ನಲ್ಲಿ ಪ್ರಕಟಣೆಯೂ ಬೇಡ, ಊರಲ್ಲಿ ಮಾನ ಹೋಗುತ್ತೆ. ಕೋರ್ಟಿಗೆ ಹೋಗುವ ಮೊದಲು ಸೋದರಮಾವನ ಮೂಲಕ ಒಮ್ಮೆ ಮಾತಾಡಿಸಬೇಕು. "ಅವನು ನನ್ನ ತಮ್ಮ ಸಾರ್, ನಾಳೆ ನನಗೆ ತವರು ಅಂತ ಇರಬೇಕಲ್ವಾ" ಎಂದರು.

ನಾನು ಹೇಳಿದ್ದು

ಹಕ್ಕಿನ ಬಗ್ಗೆ: 1990ರಲ್ಲೇ ಮದುವೆಯಾದ್ದರಿಂದ ಭಾಗ ಇಲ್ಲ ಎಂದು ತಮ್ಮ ಹೇಳುತ್ತಿರುವುದು ಕರ್ನಾಟಕದ 1994ರ ತಿದ್ದುಪಡಿಯ ಮಾತು. ಅದು ಆಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಂಗೆ 2005ರ ಸೆಪ್ಟೆಂಬರ್ 9ರಿಂದ ಬಂದ ತಿದ್ದುಪಡಿಯಲ್ಲಿ ಆ ಭೇದ ಇಲ್ಲ. ತಂದೆ ಆ ದಿನ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. 20-12-2004ಕ್ಕೆ ಮೊದಲೇ ಆದ ವಿಭಾಗ, ಮಾರಾಟವನ್ನು ಆ ತಿದ್ದುಪಡಿ ಮುಟ್ಟುವುದಿಲ್ಲ, ಆದರೆ ಈ ಅಕ್ಕ-ತಮ್ಮನ ಕುಟುಂಬದಲ್ಲಿ ಅಂಥದ್ದು ಆಗಿಲ್ಲ. 1992ರ ಎಕರೆ ತಂದೆಯ ಸ್ವಯಾರ್ಜಿತ, ಅದು 8ನೇ ಕಲಂ ಪ್ರಕಾರ ವಾರಸುದಾರರಿಗೆ. ತಾಯಿಯೂ ಇಲ್ಲದ್ದರಿಂದ ಎರಡರಲ್ಲೂ ಲೆಕ್ಕ ಅರ್ಧ ಅರ್ಧಕ್ಕೇ ಬರುತ್ತದೆ. ದಾವೆಯಲ್ಲಿ ಮಾತ್ರ ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಪೌತಿ ಖಾತೆಯಿಂದ ಮಾಲೀಕತ್ವ ಹುಟ್ಟುವುದಿಲ್ಲ ಎಂದೂ ತಿಳಿಸಿದೆ.

ತೆಂಗಿನಕಾಯಿಯ ಬಗ್ಗೆ: ಅವರಿಗೆ ಇದು ಸಣ್ಣ ವಿಷಯ ಅನಿಸಿತ್ತು. ಕೇಸಿಗೆ ಇದೇ ಬೆನ್ನೆಲುಬು. ವರ್ಷ ವರ್ಷ ಫಸಲಿನ ಪಾಲು ಬಂದಿದ್ದರೆ ಜಂಟಿ ಸ್ವಾಧೀನ ಇತ್ತು ಎನ್ನಬಹುದು. ಹೊರಗಿಟ್ಟದ್ದು ತಿಳಿದ ದಿನದಿಂದ 12 ವರ್ಷದ ಕಾಲಮಿತಿ, ಆ ದಿನ ಈ ಯುಗಾದಿ. ಕೋರ್ಟ್ ಶುಲ್ಕವೂ ಕರ್ನಾಟಕ ಕೋರ್ಟ್ ಶುಲ್ಕ ಕಾಯ್ದೆಯ 35(2)ನೇ ಕಲಂ ಪ್ರಕಾರ ಕೆಲವೇ ನೂರರೊಳಗೆ ನಿಲ್ಲುತ್ತದೆ. ಸ್ವಾಧೀನದಿಂದ ಹೊರಗಿದ್ದರು ಎಂದಾದರೆ ಭಾಗದ ಮಾರುಕಟ್ಟೆ ಬೆಲೆಯ ಮೇಲೆ ಕಟ್ಟಬೇಕು. ಎದುರಿನವರು ಅದನ್ನೇ ಹಿಡಿಯುತ್ತಾರೆ. ಕಾಯಿ ತಂದುಕೊಡುತ್ತಿದ್ದ ಆಟೋದವರು, ತಮ್ಮ ಕಳಿಸಿದ ವಾಟ್ಸಾಪ್ ಸಂದೇಶ ಎಲ್ಲ ಬೇಕು. ಫೋನ್ ಬದಲಿಸಬೇಡಿ, ಏನನ್ನೂ ಅಳಿಸಬೇಡಿ ಎಂದೆ. ಸಂದೇಶ ಹಾಜರು ಮಾಡಲು ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕಾಗುತ್ತದೆ.

2016ರ ಕಾಗದದ ಬಗ್ಗೆ: ರಿಜಿಸ್ಟರ್ ಆಗಿಲ್ಲದಿದ್ದರೆ ಅದರಿಂದ ಜಮೀನಿನ ಹಕ್ಕು ಹೋಗುವುದಿಲ್ಲ. ಆಗಿದ್ದರೆ ಕಥೆಯೇ ಬೇರೆ. ಆಗ ರದ್ದತಿ ಕೇಳಬೇಕು, ಮೂರು ವರ್ಷದ ಕಾಲಮಿತಿಯ ಪ್ರಶ್ನೆ ಎದುರಾಗುತ್ತದೆ, ಗೆಲುವು ಕಷ್ಟ. ಇಸಿ, ಅಂದರೆ ಜಮೀನಿನ ಋಣಭಾರ ಪ್ರಮಾಣಪತ್ರ, ನೋಡುವವರೆಗೆ ಧೈರ್ಯದ ಮಾತು ಕೊಡಲಾರೆ ಎಂದು ನೇರವಾಗಿ ಹೇಳಿದ್ದೇನೆ. ಸಹಿ ನನ್ನದಲ್ಲ ಎನ್ನಬಹುದಾ ಎಂದು ಕೇಳಿದರು. ಖಂಡಿತ ಕೂಡದು ಎಂದೆ. ಸಹಿಯನ್ನೂ 50,000ವನ್ನೂ ನಾವೇ ದಾವೆಯಲ್ಲಿ ಮೊದಲು ಹೇಳುತ್ತೇವೆ. ಮುಚ್ಚಿಟ್ಟು ಆಮೇಲೆ ಪಾಟೀ ಸವಾಲಿನಲ್ಲಿ ಹೊರಬಂದರೆ ತೆಂಗಿನಕಾಯಿಯ ಮಾತನ್ನೂ ಯಾರೂ ನಂಬುವುದಿಲ್ಲ. ಒಪ್ಪಿದರು.

ಮಾತುಕತೆಯ ಬಗ್ಗೆ: ನನ್ನ ಸಲಹೆ, ನೋಟಿಸೂ ಕಳಿಸದೆ ತಕ್ಷಣ ದಾವೆ ಹಾಕಿ ತಾತ್ಕಾಲಿಕ ತಡೆಯಾಜ್ಞೆ ಕೇಳುವುದು. ಮಾವನ ಮೂಲಕ ಸುದ್ದಿ ಹೋದರೆ ತಮ್ಮ ಅವಸರದಲ್ಲಿ ಕ್ರಯ ಮಾಡಿಬಿಡಬಹುದು. ಆಗಲೂ ಇವರ ಅರ್ಧ ಹೋಗದು. ಆದರೆ ಹೊಸ ಪ್ರತಿವಾದಿ, ಹೊಸ ಬೇಲಿ, ಮರ ಕಡಿಯುವ ಭಯ. ದಾವೆ ಹಾಕಿದ ಮೇಲಿನ ಮಾರಾಟಕ್ಕಾದರೆ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ರಕ್ಷಣೆ ಇದೆ. ಎರಡು ಸಲ ವಿವರಿಸಿದೆ. ಅಪಾಯ ಗೊತ್ತಾಯಿತು, ಆದರೂ ಒಮ್ಮೆ ಮಾತಾಡಲೇಬೇಕು ಎಂದರು. ಅದು ಅವರ ತೀರ್ಮಾನ, ನಾನು ಗೌರವಿಸುತ್ತೇನೆ. ಕೊಳ್ಳುವವರು ಇವರ ಸಹಿ ಇಲ್ಲದೆ ಮುಂದೆ ಹೋಗಲು ಹೆದರುತ್ತಿರುವಂತಿದೆ. ಅದರಿಂದ ಸ್ವಲ್ಪ ಸಮಯ ಸಿಗಬಹುದು ಅನ್ನುವುದು ನನ್ನ ಊಹೆ ಮಾತ್ರ.

ಕಾಲದ ಬಗ್ಗೆಯೂ ಹೇಳಿದೆ. ಪ್ರಾಥಮಿಕ ಡಿಕ್ರಿ, ಆಮೇಲೆ ಅಳತೆ, ಅಂತಿಮ ಡಿಕ್ರಿ, ನಡುವೆ ಅಪೀಲು. ವರ್ಷಗಳೇ ಹಿಡಿಯುತ್ತವೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ ಎಂದೂ ತಿಳಿಸಿದೆ. ನಮ್ಮ ಕಚೇರಿಯಲ್ಲೇ ಮುಂದುವರಿಯುತ್ತೇನೆ ಎಂದರು. ಫೀಸು 25,000, ಐದು ಕಂತು. ಇವತ್ತು 2,000 ಕೊಟ್ಟರು, ರಸೀದಿ ಕೊಟ್ಟಿದೆ.

ಒಪ್ಪಿದ ಮುಂದಿನ ಕೆಲಸ

ಸೋಮವಾರ, 16ರಂದು, ಎರಡೂ ಜಮೀನಿನ ಇಸಿಗೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುತ್ತೇನೆ. 1978ರ ವಿಭಾಗ ಪತ್ರ, 1992ರ ಕ್ರಯಪತ್ರದ ದೃಢೀಕೃತ ನಕಲು ತುರುವೇಕೆರೆಯಿಂದ ತರಿಸಬೇಕು. 2004ರ ಮ್ಯುಟೇಶನ್ ನಕಲು ಗುಮಾಸ್ತರ ಪಾಲು. ವಂಶವೃಕ್ಷ, ತಂದೆ-ತಾಯಿಯ ಮರಣ ಪ್ರಮಾಣಪತ್ರ ಜಯಮ್ಮನವರು ತರುತ್ತಾರೆ.

22ರ ಭಾನುವಾರ ಮಾವನ ಮನೆಯಲ್ಲಿ ಮಾತುಕತೆ. 2016ರ ಕಾಗದ ತೋರಿಸಿದರೆ ಫೋಟೋ ತೆಗೆದುಕೊಳ್ಳಬೇಕು. ಯಾವುದಕ್ಕೂ ಸಹಿ ಇಲ್ಲ, ಆಧಾರ್ ನಕಲು ಕೊಡುವುದಿಲ್ಲ, ದುಡ್ಡು ಮುಟ್ಟುವುದಿಲ್ಲ. ರಾಜಿಗೆ ತಮ್ಮ ಒಪ್ಪಿದರೂ ಅದು ರಿಜಿಸ್ಟರ್ ವಿಭಾಗ ಪತ್ರವಾಗಬೇಕು, ಕರಡು ನಾನು ನೋಡಬೇಕು.

ದಾವೆ ಮತ್ತು ತಡೆಯಾಜ್ಞೆ ಅರ್ಜಿ 21ರೊಳಗೆ ಸಿದ್ಧ. ಕ್ರಯದ ಸುದ್ದಿ ಕಿವಿಗೆ ಬಿದ್ದರೆ ಮಾತುಕತೆಗೆ ಕಾಯದೆ ಮಾರನೇ ದಿನವೇ ಹಾಕುವುದು. ಇದಕ್ಕೆ ಅವರ ಒಪ್ಪಿಗೆ ಈಗಲೇ ಪಡೆದಿದ್ದೇನೆ, ವಕಾಲತ್ತಿಗೆ ಸಹಿ ಆಗಿದೆ. ಇಲ್ಲದಿದ್ದರೆ 24ರ ಮಂಗಳವಾರ ಬೆಳಿಗ್ಗೆ 10ಕ್ಕೆ ಮತ್ತೆ ಭೇಟಿ.

ಪವಿತ್ರಳನ್ನು ಒಳಗೆ ಕರೆದಾಗ ತಾಯಿಯೇ ಹೇಳಿದರು, "ತೋಟ ಮಾರೋದಿಲ್ಲ, ನನ್ನ ಭಾಗ ನನಗಿರಲಿ." ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, 22ರಂದು ತಾನೂ ಜೊತೆಗೆ ಹೋಗುತ್ತೇನೆ ಎಂದಳು.

ಟಿಪ್ಪಣಿ ಬರೆದದ್ದು ಅದೇ ದಿನ ಮಧ್ಯಾಹ್ನ 1:30. ಫೋನಿನಲ್ಲಿ ಜಯಮ್ಮನವರಿಗೆ ಪೂರ್ತಿ ಓದಿ ಹೇಳಿದೆ. ಒಂದು ತಿದ್ದುಪಡಿ ಹೇಳಿದರು: ರಾಗಿ ಎಲ್ಲ ವರ್ಷವೂ ಬಂದಿಲ್ಲ, ಬರಗಾಲದಲ್ಲಿ ಎರಡು ವರ್ಷ ತಪ್ಪಿತ್ತು. ಕಾಯಿ ಮಾತ್ರ ಒಂದು ವರ್ಷವೂ ತಪ್ಪಿಲ್ಲ.